ಗಡುವು ಮೀರಿದ ನಿರ್ವಹಣೆಯನ್ನು ಎತ್ತಿ ತೋರಿಸುವ ಯಂತ್ರ ದಾಖಲೆ: ಸಣ್ಣ ವರ್ಕ್‌ಶಾಪಿಗೆ ಸ್ಪ್ರೆಡ್‌ಶೀಟ್ ಸೂತ್ರಗಳ ಸಮಗ್ರ ಮಾರ್ಗದರ್ಶಿ

ಯಂತ್ರಗಳ ಪಟ್ಟಿಯೊಂದನ್ನು ಸ್ಪ್ರೆಡ್‌ಶೀಟ್‌ನಲ್ಲಿ ಇಟ್ಟುಕೊಂಡಿರುವ ಹೆಚ್ಚಿನ ವರ್ಕ್‌ಶಾಪುಗಳಲ್ಲಿ ಗಡುವು ಮೀರಿದ ಕೆಲಸವನ್ನು ಗುರುತಿಸಲು ಒಂದೇ ಸಾಲಿನ ಸೂತ್ರವಿರುತ್ತದೆ. ಕೊನೆಯ ಬಾರಿ ಕೆಲಸ ಮಾಡಿದ ದಿನಕ್ಕೆ ಅವಧಿಯನ್ನು ಕೂಡಿಸಿ, ಬಂದ ದಿನ ಇಂದಿಗಿಂತ ಹಿಂದಿದ್ದರೆ ‘ಮೀರಿದೆ’ ಎಂದು, ಇಲ್ಲವಾದರೆ ‘ಸರಿ’ ಎಂದು ಅದು ಬರೆಯುತ್ತದೆ.

```
=IF(G4+D4<TODAY(),"ಮೀರಿದೆ","ಸರಿ")
```

ಇದರ ಲೆಕ್ಕದಲ್ಲಿ ತಪ್ಪಿಲ್ಲ. ತೊಂದರೆ ಇರುವುದು ಇದು ಏನನ್ನು ‘ಸರಿ’ ಎಂದು ಕರೆಯುತ್ತದೆ ಎಂಬುದರಲ್ಲಿ. ಮೀರಿದೆ ಎಂದು ಸಾಬೀತಾಗದ ಪ್ರತಿಯೊಂದೂ ಇದರ ಕಣ್ಣಿಗೆ ಸರಿಯೇ. ದಿನಾಂಕದಲ್ಲಿ ತಿಂಗಳು ಮತ್ತು ದಿನ ಅದಲುಬದಲಾಗಿದ್ದರೂ, ವರ್ಷವನ್ನು ತಪ್ಪಾಗಿ ಹೊಡೆದಿದ್ದರೂ, ಗಡುವನ್ನು ಬೇರೆ ಸೆಲ್‌ನಲ್ಲಿಟ್ಟು ಇಂದಿನೊಂದಿಗೆ ನೇರವಾಗಿ ಹೋಲಿಸುವ ಶೀಟಿನಲ್ಲಿ ಆ ಸೆಲ್‌ನಲ್ಲಿ ದಿನಾಂಕದ ಬದಲು ದಿನಾಂಕದಂತೆ ಕಾಣುವ ಪಠ್ಯ ಕುಳಿತಿದ್ದರೂ ಸಾಲು ನೆಮ್ಮದಿಯಾಗಿ ಕಾಣುತ್ತದೆ. ಮೀರಿದ ಕೆಲಸ ಕೆಂಪಾಗಿ ಕಂಡರೆ ಯಾರಾದರೂ ವಿಚಾರಿಸುತ್ತಾರೆ, ಆದರೆ ಸುಮ್ಮನಿರುವ ಸಾಲನ್ನು ಯಾರೂ ವಿಚಾರಿಸುವುದಿಲ್ಲ. ಆದ್ದರಿಂದ ಇಲ್ಲಿ ಕಟ್ಟುವ ದಾಖಲೆಯಲ್ಲಿ ಕ್ರಮವನ್ನು ತಿರುಗಿಸಲಾಗಿದೆ: ಮೊದಲು ಮಾಹಿತಿ ನಂಬುವಂತಿದೆಯೇ ಎಂದು ನೋಡಿ, ಆಮೇಲೆ ಗಡುವನ್ನು ಲೆಕ್ಕ ಹಾಕಿ, ಎಲ್ಲವೂ ದಾಟಿದ ಸಾಲಿಗೆ ಮಾತ್ರ ‘ಸರಿ’ ಎಂಬ ಪದವನ್ನು ಕೊಡಲಾಗುತ್ತದೆ.

ಸೂತ್ರಗಳು ಎಕ್ಸೆಲ್, ಗೂಗಲ್ ಶೀಟ್ಸ್ ಮತ್ತು ಲಿಬ್ರೆಆಫೀಸ್ ಕ್ಯಾಲ್ಕ್ ಮೂರರಲ್ಲೂ ನಡೆಯುತ್ತವೆ. ಕೆಲವು ಪ್ರಾದೇಶಿಕ ಸೆಟ್ಟಿಂಗ್‌ಗಳಲ್ಲಿ ಅಲ್ಪವಿರಾಮದ ಜಾಗದಲ್ಲಿ ಅರ್ಧವಿರಾಮ ಹಾಕಬೇಕಾಗುತ್ತದೆ. ಕ್ಯಾಲ್ಕ್‌ನ ಮೂಲ ಸೆಟ್ಟಿಂಗ್‌ನಲ್ಲಿ ಶೀಟಿನ ಹೆಸರಿನ ನಂತರ ಬರುವ `!` ಜಾಗದಲ್ಲಿ ಚುಕ್ಕೆ ಹಾಕಬೇಕು.

## ದಿನಾಂಕವೆಂದರೆ ಒಂದು ಸಂಖ್ಯೆ

ಮುಂದಿನದೆಲ್ಲವೂ ಇದರ ಮೇಲೆ ನಿಂತಿರುವುದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು. ಸ್ಪ್ರೆಡ್‌ಶೀಟ್ ದಿನಾಂಕವನ್ನು ಒಂದು ಪೂರ್ಣ ಸಂಖ್ಯೆಯಾಗಿ ಇಟ್ಟುಕೊಂಡು, ನಮಗೆ ಕಾಣಿಸುವಾಗ ಮಾತ್ರ ದಿನ, ತಿಂಗಳು, ವರ್ಷದ ರೂಪ ಕೊಡುತ್ತದೆ. ಉದಾಹರಣೆಗೆ 2023ರ ಮಾರ್ಚ್ 15 ಎಂದರೆ ಅದಕ್ಕೆ 45000. ಗಡುವಿನಿಂದ ಇಂದಿನ ದಿನವನ್ನು ಕಳೆದರೆ ಉಳಿದ ದಿನಗಳು ನೇರವಾಗಿ ಸಿಗುವುದು ಈ ಕಾರಣಕ್ಕೆ. ಖಾಲಿ ಸೆಲ್ ಲೆಕ್ಕದಲ್ಲಿ ಸೊನ್ನೆಯಾಗುತ್ತದೆ, ಮತ್ತು ಆ ಸೊನ್ನೆಗೆ ದಿನಾಂಕದ ರೂಪ ಕೊಟ್ಟರೆ ಎಕ್ಸೆಲ್‌ನಲ್ಲಿ 00-01-1900 ಎಂದೂ ಗೂಗಲ್ ಶೀಟ್ಸ್‌ನಲ್ಲಿ 30-12-1899 ಎಂದೂ ಕಾಣುತ್ತದೆ. ದಾಖಲೆಯಲ್ಲಿ 1900ರ ಆಸುಪಾಸಿನ ದಿನಾಂಕ ಕಂಡರೆ ಎಲ್ಲೋ ಒಂದು ಸೆಲ್ ಖಾಲಿ ಇದೆ ಎಂದೇ ತಿಳಿಯಬಹುದು.

ಪಠ್ಯದ ವಿಷಯ ಇನ್ನೂ ಕೆಟ್ಟದು. ಪಠ್ಯವನ್ನು ಸಂಖ್ಯೆಯೊಂದಿಗೆ ಹೋಲಿಸಿದಾಗ ಈ ತಂತ್ರಾಂಶಗಳು ಪಠ್ಯವನ್ನೇ ದೊಡ್ಡದೆಂದು ಪರಿಗಣಿಸುತ್ತವೆ. ಗಡುವಿನ ಸೆಲ್‌ನಲ್ಲಿ 12/05/2019 ಎಂಬುದು ಪಠ್ಯವಾಗಿ ಕುಳಿತಿದ್ದರೆ, ಅದು ಇಂದಿಗಿಂತ ಚಿಕ್ಕದೇ ಎಂಬ ಪ್ರಶ್ನೆಗೆ ಉತ್ತರ ಎಂದೆಂದಿಗೂ ‘ಇಲ್ಲ’. ಆ ಕೆಲಸದ ಗಡುವು ಎಂದಿಗೂ ಮೀರುವುದಿಲ್ಲ.

ದಿನಾಂಕ ಪಠ್ಯವಾಗುವುದು ಹೇಗೆ? ಕಂಪ್ಯೂಟರಿನ ಪ್ರಾದೇಶಿಕ ಸೆಟ್ಟಿಂಗ್ ತಿಂಗಳನ್ನು ಮೊದಲು ನಿರೀಕ್ಷಿಸುತ್ತಿದ್ದು, ನಾವು ದಿನವನ್ನು ಮೊದಲು ಬರೆದಾಗ. 25/12/2025 ಎಂದು ಹೊಡೆದರೆ 25ನೇ ತಿಂಗಳು ಇಲ್ಲದ ಕಾರಣ ತಂತ್ರಾಂಶ ಅದನ್ನು ಪಠ್ಯವೆಂದು ಬಿಟ್ಟುಬಿಡುತ್ತದೆ. ಆದರೆ 05/11/2025 ಎಂದು ಹೊಡೆದರೆ ಯಾವ ಸದ್ದೂ ಇಲ್ಲದೆ ಅದು ಮೇ 11 ಆಗುತ್ತದೆ. ಅಂದರೆ ತಿಂಗಳ ಮೊದಲ 12 ದಿನಗಳ ನಮೂದುಗಳು ಅದಲುಬದಲಾಗುತ್ತವೆ, ಉಳಿದವು ಪಠ್ಯವಾಗುತ್ತವೆ. ಇದನ್ನು ಪರೀಕ್ಷಿಸುವುದು ಸುಲಭ: ಹೊಸ ಖಾಲಿ ಸೆಲ್‌ನಲ್ಲಿ 25/12/2025 ಎಂದು ಹೊಡೆದು ಎಂಟರ್ ಒತ್ತಿ. ಅದು ಸೆಲ್‌ನ ಬಲಕ್ಕೆ ಅಂಟಿಕೊಂಡರೆ ದಿನಾಂಕವಾಗಿದೆ, ಎಡಕ್ಕೆ ಅಂಟಿಕೊಂಡರೆ ಪಠ್ಯವಾಗಿದೆ. ಎಡಕ್ಕೆ ನಿಂತರೆ ಮುಂದುವರಿಯುವ ಮೊದಲು ಪ್ರಾದೇಶಿಕ ಸೆಟ್ಟಿಂಗ್ ಸರಿಪಡಿಸಿ. ಅದು ಸಾಧ್ಯವಿಲ್ಲದಿದ್ದರೆ ಎಲ್ಲರೂ 2025-12-25 ಎಂಬ ಕ್ರಮದಲ್ಲೇ ಬರೆಯುವಂತೆ ಮಾಡಿ, ಏಕೆಂದರೆ ವರ್ಷ ಮೊದಲು ಬಂದಾಗ ಗೊಂದಲಕ್ಕೆ ಎಡೆಯಿಲ್ಲ. ಸೆಲ್‌ನ ಫಾರ್ಮ್ಯಾಟನ್ನು ‘ದಿನಾಂಕ’ ಎಂದು ಬದಲಿಸಿದ ಮಾತ್ರಕ್ಕೆ ಈಗಾಗಲೇ ಪಠ್ಯವಾಗಿರುವುದು ದಿನಾಂಕವಾಗುವುದಿಲ್ಲ ಎಂಬುದನ್ನೂ ಮರೆಯಬಾರದು.

## ಎರಡು ಶೀಟ್‌ಗಳು

ಒಂದೇ ಫೈಲಿನಲ್ಲಿ `Register` ಮತ್ತು `Log` ಎಂಬ ಎರಡು ಶೀಟ್‌ಗಳನ್ನು ಮಾಡಿಕೊಳ್ಳಿ. ಮೊದಲನೆಯದರಲ್ಲಿ ಯಾವ ಕೆಲಸ, ಎಷ್ಟು ದಿನಕ್ಕೊಮ್ಮೆ ಎಂಬುದಿರುತ್ತದೆ; ಎರಡನೆಯದರಲ್ಲಿ ಯಾವ ದಿನ ಯಾವ ಕೆಲಸ ಆಯಿತು ಎಂಬುದು ಸಾಲುಸಾಲಾಗಿ ಸೇರುತ್ತಾ ಹೋಗುತ್ತದೆ. ಒಂದೇ ಶೀಟಿನಲ್ಲಿ ‘ಕೊನೆಯ ದಿನ’ ಎಂಬ ಕಾಲಂ ಇಟ್ಟು ಪ್ರತಿ ಸಲ ಹಳೆಯ ದಿನಾಂಕದ ಮೇಲೆ ಹೊಸದನ್ನು ಬರೆಯುವ ಪದ್ಧತಿ ಸುಲಭವಾಗಿ ಕಂಡರೂ, ತಪ್ಪು ಸಾಲಿನಲ್ಲಿ ಬರೆದ ಒಂದು ದಿನಾಂಕ ಸರಿಯಾದದ್ದನ್ನು ಅಳಿಸಿಬಿಟ್ಟರೆ ಮರಳಿ ಪಡೆಯಲು ಏನೂ ಉಳಿಯುವುದಿಲ್ಲ.

`Register` ಶೀಟಿನ ಒಂದು ಸಾಲು ಒಂದು ಯಂತ್ರವಲ್ಲ, ಒಂದು ಕೆಲಸ. ಲೇತ್‌ಗೆ ಹೆಡ್‌ಸ್ಟಾಕ್ ಎಣ್ಣೆ ಬದಲಿಸುವುದು ಒಂದು ಸಾಲಾದರೆ, ಅದರ ಬೆಲ್ಟ್ ನೋಡುವುದು ಇನ್ನೊಂದು ಸಾಲು. ಪ್ರತಿ ಸಾಲಿಗೂ ಬೇರೆಲ್ಲೂ ಮರುಕಳಿಸದ ಸಂಕೇತವೊಂದು ಬೇಕು: ಲೇತ್‌ನ ಎಣ್ಣೆಗೆ `LTH1-OIL`, ಕಂಪ್ರೆಸರ್‌ನ ಬೆಲ್ಟಿಗೆ `CMP1-BLT` ಎಂಬಂತೆ. ಕಂಪ್ರೆಸರ್ ಟ್ಯಾಂಕಿನ ನೀರು ಬಿಡುವಂತಹ ದಿನನಿತ್ಯದ ಕೆಲಸಗಳನ್ನು ಈ ದಾಖಲೆಗೆ ತರಬೇಡಿ ಎಂಬುದು ನನ್ನ ಸಲಹೆ. ಅವನ್ನು ಯಂತ್ರದ ಪಕ್ಕದ ಹಲಗೆಯ ಮೇಲೆ ಗುರುತು ಹಾಕುವುದೇ ಸರಿ. ಇಲ್ಲಿ ಸೇರಿಸಿದರೆ ಶೀಟ್ ಪ್ರತಿದಿನ ಕೆಂಪಾಗಿ, ಕೆಂಪು ಬಣ್ಣಕ್ಕೇ ಬೆಲೆ ಇಲ್ಲದಾಗುತ್ತದೆ.

ಮೊದಲ ಸಾಲಿನ `B1` ಸೆಲ್‌ನಲ್ಲಿ `=TODAY()` ಎಂದು ಬರೆಯಿರಿ. ಮೂರನೆಯ ಸಾಲಿನಲ್ಲಿ ಶೀರ್ಷಿಕೆಗಳು, ನಾಲ್ಕನೆಯದರಿಂದ ಕೆಲಸಗಳು. A ಕಾಲಂನಲ್ಲಿ ಸಂಕೇತ, B ಯಲ್ಲಿ ಯಂತ್ರದ ಸಂಕೇತ, C ಯಲ್ಲಿ ಕೆಲಸದ ವಿವರ, D ಯಲ್ಲಿ ಅವಧಿಯ ಸಂಖ್ಯೆ, E ಯಲ್ಲಿ ‘ದಿನ’ ಅಥವಾ ‘ತಿಂಗಳು’, F ನಲ್ಲಿ ಎಷ್ಟು ದಿನ ಮುಂಚೆ ಎಚ್ಚರಿಸಬೇಕು ಎಂಬುದು. ಇಲ್ಲಿಯವರೆಗೆ ಕೈಯಿಂದ ತುಂಬುವುದು. G ಯಿಂದ J ವರೆಗೆ ಸೂತ್ರಗಳು: ಕೊನೆಯ ದಿನ, ಗಡುವು, ಉಳಿದ ದಿನ, ಸ್ಥಿತಿ.

`Log` ಶೀಟಿನಲ್ಲಿ A ದಿನಾಂಕ, B ಕೆಲಸದ ಸಂಕೇತ, C ಗಂಟೆ ಮೀಟರಿನ ಅಂಕಿ, D ಟಿಪ್ಪಣಿ. ಮೀಟರ್ ಇಲ್ಲದ ಯಂತ್ರಕ್ಕೆ C ಖಾಲಿ ಇರಲಿ.

ಎಲ್ಲ ಸೂತ್ರಗಳೂ `TODAY()` ಅನ್ನು ನೇರವಾಗಿ ಕೇಳದೆ `$B$1` ಅನ್ನು ಕೇಳುವುದಕ್ಕೆ ಕಾರಣವಿದೆ. ಆ ಒಂದು ಸೆಲ್‌ನಲ್ಲಿ ಬೇರೆ ದಿನಾಂಕ ಹೊಡೆದರೆ ಇಡೀ ದಾಖಲೆ ಆ ದಿನಕ್ಕೆ ಹೋಗಿ ನಿಲ್ಲುತ್ತದೆ, ಹಾಗಾಗಿ ಸೂತ್ರಗಳನ್ನು ಪರೀಕ್ಷಿಸಲು ನಾಳೆಯವರೆಗೆ ಕಾಯಬೇಕಿಲ್ಲ. ಪರೀಕ್ಷೆ ಮುಗಿದ ಮೇಲೆ `=TODAY()` ಮರಳಿ ಹಾಕುವುದನ್ನು ಮರೆತರೆ ದಾಖಲೆ ಹೆಪ್ಪುಗಟ್ಟಿದಂತಾಗುವ ಅಪಾಯವೂ ಇರುವುದರಿಂದ, `C1` ನಲ್ಲಿ ಈ ಕಾವಲು ಇರಲಿ:

```
=IF(B1=TODAY(),"","ಪರೀಕ್ಷಾ ದಿನಾಂಕ!")
```

## ಕೊನೆಯ ದಿನವನ್ನು ಹುಡುಕುವುದು

`G4` ನಲ್ಲಿ ಹೀಗೆ ಬರೆದು ಕೆಳಗಿನ ಸಾಲುಗಳಿಗೆಲ್ಲ ಎಳೆಯಿರಿ:

```
=MAXIFS(Log!$A:$A,Log!$B:$B,$A4)
```

ಈ ಸಂಕೇತವಿರುವ ನಮೂದುಗಳಲ್ಲಿ ಅತ್ಯಂತ ದೊಡ್ಡ ದಿನಾಂಕವನ್ನು, ಅಂದರೆ ತೀರ ಇತ್ತೀಚಿನದನ್ನು, ಇದು ತಂದುಕೊಡುತ್ತದೆ. ಒಂದೂ ನಮೂದು ಇಲ್ಲದಿದ್ದರೆ ದೋಷ ತೋರಿಸದೆ ಸೊನ್ನೆ ಕೊಡುತ್ತದೆ, ಮತ್ತು ಆ ಸೊನ್ನೆಯನ್ನು ಮುಂದೆ ನಾವು ಬೇಕೆಂದೇ ಬಳಸಿಕೊಳ್ಳುತ್ತೇವೆ. ಕಣ್ಣಿಗೆ ಕಾಣದಿರಲಿ ಎಂದಾದರೆ ಕಾಲಂಗೆ `dd-mm-yyyy;;` ಎಂಬ ಕಸ್ಟಮ್ ಫಾರ್ಮ್ಯಾಟ್ ಕೊಡಿ. ಎಕ್ಸೆಲ್ 2016 ಮತ್ತು ಅದಕ್ಕಿಂತ ಹಳೆಯ ಆವೃತ್ತಿಗಳಲ್ಲಿ ಸಾಮಾನ್ಯವಾಗಿ ಈ ಫಂಕ್ಷನ್ ಇರುವುದಿಲ್ಲ. ಅಲ್ಲಿ ಕೆಳಗಿನದನ್ನು ಬಳಸಬಹುದು. ಆದರೆ `Log` ನ ದಿನಾಂಕಗಳಲ್ಲಿ ಒಂದು ಪಠ್ಯವಾಗಿದ್ದರೂ ಇದು `#VALUE!` ಎನ್ನಬಹುದು.

```
=SUMPRODUCT(MAX((Log!$B$2:$B$2000=$A4)*Log!$A$2:$A$2000))
```

`MAXIFS` ಪಠ್ಯ ದಿನಾಂಕಗಳನ್ನು ಗಣನೆಗೇ ತೆಗೆದುಕೊಳ್ಳುವುದಿಲ್ಲ. ಹೀಗಾಗಿ ಕೆಲಸ ಮಾಡಿ ಪಠ್ಯವಾಗಿ ಬರೆದಿಟ್ಟರೆ ಹಳೆಯ ದಿನಾಂಕವೇ ಉಳಿದು, ಸಾಲು ‘ಮೀರಿದೆ’ ಎನ್ನುತ್ತದೆ. ಇದು ಸುಳ್ಳು ಎಚ್ಚರಿಕೆಯೇ ಹೌದು, ಆದರೆ ಒಳ್ಳೆಯ ಬದಿಗೆ ವಾಲಿದ ತಪ್ಪು. ಕೆಲಸ ಮಾಡಿದವರೇ ಬಂದು ಯಾಕೆ ಹೀಗೆ ಎಂದು ಕೇಳುತ್ತಾರೆ. ಸಂಕೇತದ ಕೊನೆಯಲ್ಲಿ ಒಂದು ಖಾಲಿ ಜಾಗ ಹೆಚ್ಚಾಗಿ ಸೇರಿಕೊಂಡರೂ ಇದೇ ಆಗುತ್ತದೆ. ಇಂತಹವನ್ನು ನಮೂದಿನ ಹಂತದಲ್ಲೇ ಹಿಡಿಯಲು `Log` ಶೀಟಿನ `E2` ನಲ್ಲಿ ಹೀಗೊಂದು ತಪಾಸಣೆ ಹಾಕಿ ಕೆಳಗೆ ಎಳೆಯಿರಿ:

```
=IF(COUNTA(A2:B2)=0,"",
 IF(NOT(ISNUMBER(A2)),"ದಿನಾಂಕವಲ್ಲ",
 IF(A2>TODAY(),"ಮುಂದಿನ ದಿನ",
 IF(COUNTIF(Register!$A:$A,B2)=0,"ಸಂಕೇತ ತಪ್ಪು",""))))
```

ಸಂಕೇತದ ಕಾಲಂಗೆ ಡೇಟಾ ವ್ಯಾಲಿಡೇಶನ್ ಮೂಲಕ `Register` ನ A ಕಾಲಂನಿಂದ ಆಯ್ಕೆಪಟ್ಟಿಯನ್ನೂ ಕೊಟ್ಟರೆ ಇನ್ನೂ ಒಳ್ಳೆಯದು. ಆದರೆ ಬೇರೆಡೆಯಿಂದ ನಕಲಿಸಿ ಅಂಟಿಸಿದ ಸೆಲ್‌ಗಳನ್ನು ಎಕ್ಸೆಲ್‌ನ ವ್ಯಾಲಿಡೇಶನ್ ತಡೆಯುವುದಿಲ್ಲ, ಆದ್ದರಿಂದ E ಕಾಲಂನ ತಪಾಸಣೆಯನ್ನು ಬಿಡಬಾರದು.

## ಗಡುವು ಮತ್ತು ಉಳಿದ ದಿನ

`H4` ನಲ್ಲಿ ಗಡುವಿನ ಸೂತ್ರ:

```
=IF(OR(G4=0,N(D4)<=0),"",
 IF(E4="ತಿಂಗಳು",EDATE(G4,D4),
 IF(E4="ದಿನ",G4+D4,"")))
```

ತಿಂಗಳ ಲೆಕ್ಕವನ್ನು 30ರಿಂದ ಗುಣಿಸಿ ಮಾಡುವುದುಂಟು. ಆರು ತಿಂಗಳಿಗೆ 180 ಎಂದರೆ ಗಡುವು ವರ್ಷಕ್ಕೆ ಐದಾರು ದಿನ ಹಿಂದಕ್ಕೆ ಸರಿಯುತ್ತಾ ಹೋಗುತ್ತದೆ. `EDATE` ಅದೇ ತಾರೀಖನ್ನು ಮುಂದಿನ ತಿಂಗಳಲ್ಲಿ ಹುಡುಕುತ್ತದೆ, ಆ ತಾರೀಖು ಇಲ್ಲದಿದ್ದರೆ ತಿಂಗಳ ಕೊನೆಯ ದಿನಕ್ಕೆ ನಿಲ್ಲುತ್ತದೆ. ಜನವರಿ 31ಕ್ಕೆ ಒಂದು ತಿಂಗಳು ಸೇರಿಸಿದರೆ ಫೆಬ್ರವರಿ 28 ಅಥವಾ 29. `N` ಫಂಕ್ಷನ್ ಅವಧಿಯ ಸೆಲ್‌ನಲ್ಲಿ ಪಠ್ಯವಿದ್ದರೆ ಸೊನ್ನೆ ಎಂದು ಓದುತ್ತದೆ, ಹಾಗಾಗಿ ಯಾರಾದರೂ D ಯಲ್ಲಿ ‘3 ತಿಂಗಳು’ ಎಂದು ಒಟ್ಟಿಗೆ ಬರೆದಿದ್ದರೆ ಗಡುವು ಖಾಲಿಯಾಗಿ ಉಳಿಯುತ್ತದೆ. E ಖಾಲಿ ಇದ್ದರೂ ಅಷ್ಟೇ: ಅದನ್ನು ‘ದಿನ’ ಎಂದು ಊಹಿಸಿಕೊಳ್ಳುವ ಸ್ವಾತಂತ್ರ್ಯವನ್ನು ಸೂತ್ರಕ್ಕೆ ಕೊಟ್ಟಿಲ್ಲ.

`I4` ನಲ್ಲಿ ಉಳಿದ ದಿನಗಳು:

```
=IF(H4="","",H4-$B$1)
```

ಈ ಕಾಲಂ ಕೆಲವೊಮ್ಮೆ ದಿನಾಂಕದ ರೂಪ ತಾಳಿ ವಿಚಿತ್ರವಾಗಿ ಕಾಣಬಹುದು. ಫಾರ್ಮ್ಯಾಟನ್ನು ಸಾಮಾನ್ಯ ಸಂಖ್ಯೆಗೆ ಬದಲಿಸಿದರೆ ಸಾಕು.

ಇಲ್ಲಿನ ಗಡುವು ಕೆಲಸ ನಿಜವಾಗಿ ನಡೆದ ದಿನದಿಂದ ಎಣಿಸುವಂಥದ್ದು ಎಂಬುದನ್ನು ಗಮನಿಸಿ. ಎಣ್ಣೆ, ಬೆಲ್ಟ್, ಫಿಲ್ಟರ್‌ಗಳಿಗೆ ಅದೇ ನ್ಯಾಯ, ಏಕೆಂದರೆ ಸವೆತ ಶುರುವಾಗುವುದು ಬದಲಿಸಿದ ದಿನದಿಂದ. ಆದರೆ ಪ್ರಮಾಣಪತ್ರದ ಮೇಲೆ ಅಚ್ಚಾಗಿರುವ ಕೊನೆಯ ದಿನಾಂಕಕ್ಕೆ ಕಟ್ಟುಬಿದ್ದ ಪರಿಶೀಲನೆಗಳಿಗೆ ಈ ಎಣಿಕೆ ಹೊಂದುವುದಿಲ್ಲ. ಅಂತಹ ಸಾಲಿನ H ಸೆಲ್‌ನಲ್ಲಿ ಸೂತ್ರದ ಬದಲು ಪ್ರಮಾಣಪತ್ರದ ದಿನಾಂಕವನ್ನೇ ಬರೆದು, ಸೆಲ್‌ಗೆ ಬೇರೆ ಹಿನ್ನೆಲೆ ಬಣ್ಣ ಕೊಟ್ಟು ಗುರುತಿಸಿಡಿ.

## ಸ್ಥಿತಿಯ ಸೂತ್ರ

ಈಗ ಮುಖ್ಯ ಸೂತ್ರ, `J4` ನಲ್ಲಿ:

```
=IF(A4="","",
 IF(G4=0,"ದಾಖಲೆ ಇಲ್ಲ",
 IF(G4>$B$1,"ದಿನಾಂಕ ತಪ್ಪು",
 IF(H4="","ಅವಧಿ ತಪ್ಪು",
 IF(I4<0,"ಮೀರಿದೆ",
 IF(I4<=F4,"ಸಮೀಪ","ಸರಿ"))))))
```

`IF` ಮೇಲಿನಿಂದ ಕೆಳಕ್ಕೆ ಓದಿ, ಮೊದಲು ಹೌದೆಂದ ಕಡೆಯೇ ನಿಲ್ಲುತ್ತದೆ. ಆದ್ದರಿಂದ ಸಾಲುಗಳ ಕ್ರಮವೇ ಇದರ ತಿರುಳು. ದಾಖಲೆಯೇ ಇಲ್ಲದ ಕೆಲಸ ಮೊದಲು ಬೇರ್ಪಡುತ್ತದೆ. ಕೊನೆಯ ದಿನ ಇಂದಿಗಿಂತ ಮುಂದಿದ್ದರೆ ಯಾರೂ ನಾಳೆ ಕೆಲಸ ಮಾಡಿ ಮುಗಿಸಿರಲು ಸಾಧ್ಯವಿಲ್ಲ, ಹಾಗಾಗಿ ಅದು ತಪ್ಪು ನಮೂದೇ. ಅವಧಿಯೂ ಸರಿಯಿದ್ದಾಗ ಮಾತ್ರ ದಿನಗಳ ಹೋಲಿಕೆ ನಡೆಯುತ್ತದೆ. ಉಳಿದ ದಿನ ಸೊನ್ನೆಯಾದರೆ ಗಡುವು ಇಂದೇ ಎಂದರ್ಥ. ಅದು ಇನ್ನೂ ಮೀರಿಲ್ಲ, ‘ಸಮೀಪ’.

ದೋಷ ಬಂದರೆ ಖಾಲಿ ತೋರಿಸು ಎಂದು ಇದನ್ನೆಲ್ಲ `IFERROR` ಒಳಗೆ ಸುತ್ತುವ ಅಭ್ಯಾಸ ಬಹಳ ಜನರಿಗಿದೆ. ಶೀಟ್ ಚೊಕ್ಕಟವಾಗಿ ಕಾಣುತ್ತದೆ ನಿಜ, ಆದರೆ ಯಾವ ಸಾಲಿನ ಮಾಹಿತಿ ಕೆಟ್ಟಿದೆಯೋ ಅದೇ ಸಾಲು ಮೌನವಾಗುತ್ತದೆ. ಇಂತಹ ದಾಖಲೆಯಲ್ಲಿ `#VALUE!` ಎಂಬ ಕುರೂಪ ಕಣ್ಣಿಗೆ ರಾಚುವುದೇ ಲೇಸು.

`B1` ನಲ್ಲಿ 18-11-2025 ಇಟ್ಟು ಐದು ಸಾಲುಗಳನ್ನು ನಡೆಸಿ ನೋಡೋಣ.

| ಸಂಕೇತ | ಅವಧಿ | ಮುನ್ಸೂಚನೆ | ಕೊನೆಯ ದಿನ | ಗಡುವು | ಉಳಿದ ದಿನ | ಸ್ಥಿತಿ |
|---|---|---|---|---|---|---|
| `LTH1-OIL` | 6 ತಿಂಗಳು | 10 | 12-05-2025 | 12-11-2025 | -6 | ಮೀರಿದೆ |
| `CMP1-BLT` | 1 ತಿಂಗಳು | 5 | 20-10-2025 | 20-11-2025 | 2 | ಸಮೀಪ |
| `DRL1-BLT` | 90 ದಿನ | 7 | 03-09-2025 | 02-12-2025 | 14 | ಸರಿ |
| `GRD1-RST` | 30 ದಿನ | 3 | | | | ದಾಖಲೆ ಇಲ್ಲ |
| `WLD1-CBL` | 30 ದಿನ | 3 | 07-12-2025 | 06-01-2026 | 49 | ದಿನಾಂಕ ತಪ್ಪು |

ಮೊದಲ ಮೂರರಲ್ಲಿ ವಿಶೇಷವೇನಿಲ್ಲ. ಬೆಂಚ್ ಗ್ರೈಂಡರಿನ ಟೂಲ್ ರೆಸ್ಟ್ ಅಂತರವನ್ನು ನೋಡುವ `GRD1-RST` ಸಾಲಿಗೆ ಇದುವರೆಗೆ ಒಂದೂ ನಮೂದಿಲ್ಲ. ಆರಂಭದ ಒಂದೇ ಸಾಲಿನ ಸೂತ್ರ ಇದನ್ನು ‘ಮೀರಿದೆ’ ಎನ್ನುತ್ತಿತ್ತು, ಆದರೆ ತಡವಾದ ಕೆಲಸವೂ ಎಂದೂ ಮಾಡದ ಕೆಲಸವೂ ಒಂದೇ ಅಲ್ಲ.

ನೋಡಬೇಕಾದದ್ದು ವೆಲ್ಡಿಂಗ್ ಕೇಬಲ್ ತಪಾಸಣೆಯ ಕೊನೆಯ ಸಾಲು. ಕೆಲಸ ನಡೆದದ್ದು ಜುಲೈ 12ರಂದು. ಪುಸ್ತಕದಲ್ಲಿದ್ದದ್ದನ್ನು ನೋಡಿ 12/07/2025 ಎಂದು ಹೊಡೆದಾಗ, ತಿಂಗಳನ್ನು ಮೊದಲು ಓದುವ ಕಂಪ್ಯೂಟರ್ ಅದನ್ನು ಡಿಸೆಂಬರ್ 7 ಎಂದುಕೊಂಡಿತು. ನಿಜವಾದ ಗಡುವು ಆಗಸ್ಟ್ 11ಕ್ಕೇ ಮುಗಿದು 99 ದಿನಗಳಾಗಿವೆ. ಶೀಟ್ ಮಾತ್ರ ಇನ್ನೂ 49 ದಿನ ಉಳಿದಿವೆ ಎನ್ನುತ್ತಿದೆ. ಹಳೆಯ ಸೂತ್ರವಿದ್ದಿದ್ದರೆ ಈ ಸಾಲು ‘ಸರಿ’ ಎಂದು ತೋರುತ್ತಾ ಜನವರಿಯವರೆಗೆ ಯಾರ ಗಮನಕ್ಕೂ ಬರುತ್ತಿರಲಿಲ್ಲ.

ಈ ತಪಾಸಣೆಗೂ ಮಿತಿಯಿದೆ. ಅದಲುಬದಲಾದ ದಿನಾಂಕ ಇಂದಿಗಿಂತ ಹಿಂದೆಯೇ ಬಿದ್ದರೆ ಸೂತ್ರಕ್ಕೆ ಅನುಮಾನ ಬರುವುದಿಲ್ಲ. ನವೆಂಬರ್ 5 ಮೇ 11 ಆದರೆ ಸುಳ್ಳು ಎಚ್ಚರಿಕೆ ಬರುತ್ತದೆ, ಅದು ತೊಂದರೆಯಲ್ಲ. ಆದರೆ ಹಳೆಯ ಪುಸ್ತಕದ ಮಾರ್ಚ್ 10ರ ನಮೂದನ್ನು ನವೆಂಬರಿನಲ್ಲಿ ಏರಿಸುವಾಗ ಅದು ಅಕ್ಟೋಬರ್ 3 ಆದರೆ ಯಾವ ಸೂತ್ರವೂ ಹಿಡಿಯಲಾರದು. ಹಳೆಯ ದಾಖಲೆಗಳನ್ನು ಒಟ್ಟಿಗೆ ಏರಿಸಿದ ದಿನ `Log` ನ ದಿನಾಂಕ ಕಾಲಂಗೆ `dd-mmm-yyyy` ಫಾರ್ಮ್ಯಾಟ್ ಕೊಟ್ಟು, ತಿಂಗಳ ಹೆಸರು ಅಕ್ಷರಗಳಲ್ಲಿ ಕಾಣುವಂತೆ ಮಾಡಿ, ಪುಸ್ತಕದೊಂದಿಗೆ ಒಮ್ಮೆ ತಾಳೆ ನೋಡುವುದೇ ಅದಕ್ಕೆ ಪರಿಹಾರ.

## ಬಣ್ಣ ಮತ್ತು ಎಣಿಕೆ

`A4:J200` ಅನ್ನು ಆಯ್ದು ಕಂಡೀಷನಲ್ ಫಾರ್ಮ್ಯಾಟಿಂಗ್‌ನಲ್ಲಿ ಸೂತ್ರದ ನಿಯಮವಾಗಿ `=$J4="ಮೀರಿದೆ"` ಎಂದು ಕೊಟ್ಟು ಕೆಂಪು ಬಣ್ಣ ಆರಿಸಿ. ಡಾಲರ್ ಚಿಹ್ನೆ J ಯ ಮುಂದೆ ಮಾತ್ರ ಇರಬೇಕು, 4ರ ಮುಂದೆ ಇರಬಾರದು. ಆಗ ಪ್ರತಿ ಸಾಲೂ ತನ್ನದೇ J ಸೆಲ್ ನೋಡಿಕೊಂಡು ಇಡಿಯಾಗಿ ಬಣ್ಣ ಪಡೆಯುತ್ತದೆ. ‘ಸಮೀಪ’ಕ್ಕೆ ಹಳದಿ, ಮಾಹಿತಿಯ ದೋಷವಿರುವ ಮೂರಕ್ಕೂ ಸೇರಿ ನೇರಳೆ ಕೊಡಬಹುದು. ‘ಸರಿ’ಗೆ ಹಸಿರು ಬೇಡವೆನ್ನುತ್ತೇನೆ, ಬಣ್ಣವಿಲ್ಲದ ಹಿನ್ನೆಲೆಯಲ್ಲೇ ಕೆಂಪು ಎದ್ದು ಕಾಣುವುದು. ಸೂತ್ರದಲ್ಲಿರುವ ಕನ್ನಡ ಪದವನ್ನು ನಿಯಮದಲ್ಲಿ ಮತ್ತೆ ಟೈಪ್ ಮಾಡದೆ ನಕಲಿಸಿ ಅಂಟಿಸಿ. ನೋಡಲು ಒಂದೇ ಆಗಿದ್ದರೂ ಬೇರೆ ಕೀಬೋರ್ಡಿನಿಂದ ಬಂದ ಪದದ ಒಳಗಿನ ಅಕ್ಷರ ಸಂಕೇತಗಳು ಬೇರೆಯಾಗಿದ್ದರೆ ಹೋಲಿಕೆ ಸೋಲಬಹುದು.

ಮೇಲ್ಗಡೆ ಮೀರಿದ ಕೆಲಸಗಳ ಸಂಖ್ಯೆ ಕಾಣಬೇಕೆನಿಸಿದಾಗ ‘ಮೀರಿದೆ’ಗಳನ್ನು ಎಣಿಸುವುದು ಸಹಜ. ಅದಕ್ಕಿಂತ ಉಪಯುಕ್ತವಾದದ್ದು ಆಚೆ ಬದಿಯಿಂದ ಬರುವ ಎಣಿಕೆ. ‘ಗಮನ ಬೇಕು’ ಎಂದು `E1` ನಲ್ಲಿ ಬರೆದು `F1` ನಲ್ಲಿ ಇದನ್ನಿಡಿ:

```
=COUNTA(A4:A200)-COUNTIF(J4:J200,"ಸರಿ")-COUNTIF(J4:J200,"ಸಮೀಪ")
```

ಒಟ್ಟು ಕೆಲಸಗಳಲ್ಲಿ ನೆಮ್ಮದಿಯಾಗಿರುವುದು ಖಚಿತವಾದವನ್ನು ಕಳೆದರೆ ಉಳಿದದ್ದೆಲ್ಲ ಗಮನ ಬೇಡುವಂಥದ್ದು. ಮೇಲಿನ ಐದು ಸಾಲುಗಳಿಗೆ ಉತ್ತರ 3. `#VALUE!` ಬಂದ ಸಾಲೂ ಇದರಲ್ಲಿ ಸೇರುತ್ತದೆ. ಯಾರೋ ಕೆಳಗೆ ಹೊಸ ಯಂತ್ರವನ್ನು ಸೇರಿಸಿ ಸೂತ್ರಗಳನ್ನು ಎಳೆಯಲು ಮರೆತಿದ್ದರೆ ಆ ಸಾಲೂ ಸೇರುತ್ತದೆ. ಕೆಂಪು ಸಾಲುಗಳು ಎರಡೇ ಕಾಣುತ್ತಿದ್ದು ಈ ಸಂಖ್ಯೆ ಐದಿದ್ದರೆ, ಉಳಿದ ಮೂರನ್ನು ಹುಡುಕಲು J ಕಾಲಂನ ಫಿಲ್ಟರ್ ಸಾಕು.

## ಗಂಟೆಯ ಲೆಕ್ಕವೂ ಇರುವ ಯಂತ್ರಗಳು

ಕಂಪ್ರೆಸರಿನ ಎಣ್ಣೆಯಂತಹ ಕೆಲಸಗಳಿಗೆ ಎರಡು ಮಿತಿಗಳಿರುತ್ತವೆ: ಆರು ತಿಂಗಳು ಅಥವಾ 500 ಗಂಟೆ, ಯಾವುದು ಮೊದಲೋ ಅದು. ನಿಮ್ಮ ಯಂತ್ರದ ಅಂಕಿಯನ್ನು ಅದರ ಕೈಪಿಡಿಯಿಂದಲೇ ತೆಗೆದುಕೊಳ್ಳಿ. ಇದಕ್ಕೆ `Meter` ಎಂಬ ಮೂರನೆಯ ಶೀಟ್ ಬೇಕು: A ದಿನಾಂಕ, B ಯಂತ್ರದ ಸಂಕೇತ, C ಮೀಟರಿನ ಅಂಕಿ. `Register` ನಲ್ಲಿ K ಕಾಲಂಗೆ ಗಂಟೆಯ ಮಿತಿಯನ್ನು ಕೈಯಿಂದ ತುಂಬಿ, L ನಿಂದ O ವರೆಗೆ ಕ್ರಮವಾಗಿ ಈ ನಾಲ್ಕು ಸೂತ್ರಗಳನ್ನು ಹಾಕಿ:

```
L4: =MAXIFS(Log!$C:$C,Log!$B:$B,$A4)
M4: =MAXIFS(Meter!$C:$C,Meter!$B:$B,$B4)
N4: =IF(N(K4)<=0,"",K4-(M4-L4))
O4: =MAXIFS(Meter!$A:$A,Meter!$B:$B,$B4)
```

L ಎಂದರೆ ಹಿಂದಿನ ಬಾರಿ ಕೆಲಸ ಮಾಡಿದಾಗಿನ ಮೀಟರ್, M ಈಗಿನ ಮೀಟರ್, N ಉಳಿದ ಗಂಟೆ, O ಮೀಟರನ್ನು ಕೊನೆಯದಾಗಿ ಓದಿದ ದಿನ. ಮೀಟರ್ ಏರುತ್ತಲೇ ಹೋಗುವುದರಿಂದ ದೊಡ್ಡ ಅಂಕಿಯೇ ಇತ್ತೀಚಿನದು. ಮೀಟರನ್ನೇ ಬದಲಿಸಿದ ಯಂತ್ರಕ್ಕೆ ಮಾತ್ರ ಈ ನಂಬಿಕೆ ಕೈಕೊಡುತ್ತದೆ, ಆಗ ಯಂತ್ರಕ್ಕೂ ಅದರ ಕೆಲಸಗಳಿಗೂ ಹೊಸ ಸಂಕೇತ ಕೊಟ್ಟು, ಕೆಲಸಗಳ ಕೊನೆಯ ದಿನಗಳನ್ನು ಹೊಸ ಸಂಕೇತದಲ್ಲಿ ಮತ್ತೊಮ್ಮೆ ನಮೂದಿಸುವುದು ಸರಳ ದಾರಿ.

ಉದಾಹರಣೆಗೆ `CMP1-OIL` ಕೆಲಸ 04-08-2025ರಂದು ಮೀಟರ್ 2310 ಇದ್ದಾಗ ನಡೆದಿದೆ. ದಿನದ ಲೆಕ್ಕದಲ್ಲಿ ಗಡುವು 04-02-2026, ನವೆಂಬರ್ 18ಕ್ಕೆ ಇನ್ನೂ 78 ದಿನ ಬಾಕಿ. ನವೆಂಬರ್ 15ರಂದು ಮೀಟರ್ 2846 ತೋರಿಸಿದೆ. ಓಡಿರುವುದು 536 ಗಂಟೆ, ಉಳಿದಿರುವುದು -36. ಕ್ಯಾಲೆಂಡರ್ ನೆಮ್ಮದಿಯಾಗಿರುವಾಗಲೇ ಎಣ್ಣೆಯ ಆಯುಸ್ಸು ಮುಗಿದಿದೆ.

ಆದರೆ ಗಂಟೆಯ ಲೆಕ್ಕ ಮೀಟರನ್ನು ಯಾರಾದರೂ ಓದಿ ಬರೆದರೆ ಮಾತ್ರ ಜೀವಂತ. ಎರಡು ತಿಂಗಳಿಂದ ಯಾರೂ ಓದದಿದ್ದರೆ M ಅಲ್ಲೇ ನಿಂತು, N ಹಿತವಾದ ಸಂಖ್ಯೆಯನ್ನೇ ತೋರಿಸುತ್ತಿರುತ್ತದೆ. ಇದೂ ಮೌನದ ಸಾಲೇ. ಆದ್ದರಿಂದ ಸ್ಥಿತಿಯ ಸೂತ್ರಕ್ಕೆ ಹಳಸಿದ ಮೀಟರಿನ ತಪಾಸಣೆಯೂ ಸೇರಬೇಕು:

```
=IF(A4="","",
 IF(G4=0,"ದಾಖಲೆ ಇಲ್ಲ",
 IF(G4>$B$1,"ದಿನಾಂಕ ತಪ್ಪು",
 IF(H4="","ಅವಧಿ ತಪ್ಪು",
 IF(OR(I4<0,N(N4)<0),"ಮೀರಿದೆ",
 IF(AND(N(K4)>0,$B$1-O4>10),"ಮೀಟರ್ ಹಳೆಯದು",
 IF(I4<=F4,"ಸಮೀಪ","ಸರಿ")))))))
```

ಮೀಟರಿನ ತಪಾಸಣೆ ‘ಮೀರಿದೆ’ಯ ನಂತರ ಬಂದಿರುವುದು ಬೇಕೆಂದೇ. ದಿನದ ಗಡುವು ಈಗಾಗಲೇ ಮೀರಿದ್ದರೆ ಮೀಟರ್ ಹಳೆಯದೋ ಹೊಸದೋ ಎಂಬುದು ಎರಡನೆಯ ಮಾತು; ಅದನ್ನು ಮೊದಲು ಇಟ್ಟರೆ ಕೆಂಪಾಗಬೇಕಾದ ಸಾಲು ಬೇರೆ ಹೆಸರಿನಡಿ ಅಡಗಿಕೊಳ್ಳುತ್ತದೆ. ಹತ್ತು ದಿನ ಎಂಬುದು ವಾರಕ್ಕೊಮ್ಮೆ ಮೀಟರ್ ಓದುವವರಿಗೆ ಹೊಂದುವ ಮಿತಿ. ಯಂತ್ರ ಹಗಲಿರುಳು ಓಡುವಂತಿದ್ದರೆ ಹತ್ತು ದಿನದಲ್ಲಿ 240 ಗಂಟೆ ಕಳೆದುಹೋಗುತ್ತದೆ, ಅಂತಹ ಕಡೆ ಇದನ್ನು ಎರಡು ಮೂರು ದಿನಕ್ಕೆ ಇಳಿಸಬೇಕು. ಬಣ್ಣದ ನಿಯಮಗಳ ವ್ಯಾಪ್ತಿಯನ್ನೂ ಈಗ O ಕಾಲಂವರೆಗೆ ಹಿಗ್ಗಿಸಿ, ‘ಮೀಟರ್ ಹಳೆಯದು’ ಎಂಬುದನ್ನು ನೇರಳೆಯ ಗುಂಪಿಗೆ ಸೇರಿಸಿ. `F1` ನ ಎಣಿಕೆಯನ್ನು ಮುಟ್ಟಬೇಕಿಲ್ಲ. ಹೊಸ ಸ್ಥಿತಿ ತಾನಾಗಿಯೇ ಅದರೊಳಗೆ ಬರುತ್ತದೆ.

## ಬಳಕೆಗೆ ಬಿಡುವ ಮೊದಲು

`B1` ನಲ್ಲಿ 12-11-2025 ಹೊಡೆದು `LTH1-OIL` ಸಾಲನ್ನು ನೋಡಿ: ಉಳಿದ ದಿನ 0, ಸ್ಥಿತಿ ‘ಸಮೀಪ’ ಎಂದಿರಬೇಕು. 13-11-2025 ಹೊಡೆದೊಡನೆ ‘ಮೀರಿದೆ’ ಆಗಬೇಕು. ಅಂಚಿನ ಈ ಎರಡು ದಿನಗಳಲ್ಲಿ ಸರಿಯಾಗಿ ನಡೆದ ಸೂತ್ರ ನಡುವಿನ ದಿನಗಳಲ್ಲಿ ತಪ್ಪುವುದು ವಿರಳ. ಆಮೇಲೆ ಬೇಕೆಂದೇ ಕೆಡಿಸಿ ನೋಡಿ: D ಯಲ್ಲಿ ‘ಆರು’ ಎಂದು ಬರೆದರೆ ‘ಅವಧಿ ತಪ್ಪು’ ಬರಬೇಕು, `Log` ನಲ್ಲಿ ವರ್ಷವನ್ನು 2052 ಎಂದು ಹೊಡೆದರೆ ‘ದಿನಾಂಕ ತಪ್ಪು’ ಬರಬೇಕು, ಮತ್ತು ಎರಡೂ ಸಲ `F1` ಒಂದು ಏರಬೇಕು. ‘ಮೀರಿದೆ’ ಎಂದಿರುವ ಸಾಲು ಈಗಾಗಲೇ ಆ ಎಣಿಕೆಯಲ್ಲಿರುವುದರಿಂದ ಈ ಪ್ರಯೋಗವನ್ನು ‘ಸರಿ’ ಎಂದಿರುವ ಸಾಲಿನ ಮೇಲೆ ಮಾಡಿ. ಮುಗಿದ ಮೇಲೆ `=TODAY()` ಹಿಂತಿರುಗಿಸಿ, `C1` ಖಾಲಿಯಾದದ್ದನ್ನು ಖಚಿತಪಡಿಸಿಕೊಂಡು, ಸೂತ್ರದ ಕಾಲಂಗಳನ್ನು ಶೀಟ್ ಪ್ರೊಟೆಕ್ಷನ್‌ನಿಂದ ಬೀಗ ಹಾಕಿಬಿಡಿ. ಪ್ರಮಾಣಪತ್ರದ ಗಡುವನ್ನು ಕೈಯಿಂದ ಬರೆದ H ಸೆಲ್‌ಗಳನ್ನು ಮಾತ್ರ ತೆರೆದಿಡಿ.

`TODAY()` ಲೆಕ್ಕ ಮರುಕಳಿಸಿದಾಗ ಮಾತ್ರ ಬದಲಾಗುತ್ತದೆ. ರಾತ್ರಿಯಿಡೀ ತೆರೆದಿಟ್ಟ ಎಕ್ಸೆಲ್ ಫೈಲ್ ಬೆಳಿಗ್ಗೆ ನಿನ್ನೆಯ ಸ್ಥಿತಿಯನ್ನೇ ತೋರಿಸುತ್ತಿರಬಹುದು. `F9` ಒತ್ತಿದರೆ ಇಂದಿಗೆ ಬರುತ್ತದೆ. ಗೂಗಲ್ ಶೀಟ್ಸ್‌ನಲ್ಲಿ ದಿನ ಬದಲಾಗುವುದು ಫೈಲಿನ ಸೆಟ್ಟಿಂಗ್‌ನಲ್ಲಿರುವ ಸಮಯ ವಲಯದ ಪ್ರಕಾರ, ಆದ್ದರಿಂದ ಅದನ್ನು ಒಮ್ಮೆ ನೋಡಿಕೊಳ್ಳಿ. ಗೋಡೆಗೆ ಅಂಟಿಸಲು ಮುದ್ರಿಸುವುದಾದರೆ ಮೊದಲ ಸಾಲನ್ನು ಪ್ರತಿ ಪುಟದ ಮೇಲೂ ಬರುವಂತೆ ಹೊಂದಿಸಿ, ಕಾಗದದ ಮೇಲಿನ ಸ್ಥಿತಿ ಯಾವ ದಿನದ್ದು ಎಂಬುದು `B1` ನಿಂದ ಓದುವವರಿಗೆ ತಿಳಿಯುತ್ತದೆ.